ಪಾಸಾಗಲು ಯಾವ ವಿಷಯಕ್ಕೆ ಎಷ್ಟು ಸಮಯ ಕೊಡಬೇಕು?

ಪ್ರಶ್ನೆ: ಕೆಲಸದ ಜೊತೆ ಸಂಜೆ ಡಿಪ್ಲೊಮಾ ಓದುತ್ತಿದ್ದೇನೆ. ಇಂಟರ್ನಲ್ 40, ಪರೀಕ್ಷೆ 60. ಪಾಸಿಗೆ ಪರೀಕ್ಷೆಯಲ್ಲೇ 24, ಒಟ್ಟು 40 ಬೇಕು. ಗಣಿತದಲ್ಲಿ ಈವರೆಗೆ 9, ಎಲೆಕ್ಟ್ರಿಕಲ್‌ನಲ್ಲಿ 24 ಬಂದಿದೆ. ಎರಡರಲ್ಲೂ 10 ಅಂಕದ ಅಸೈನ್‌ಮೆಂಟ್ ಬಾಕಿ. ವಾರಕ್ಕೆ 8 ಗಂಟೆ ಸಿಗುತ್ತದೆ. ಹೇಗೆ ಓದಲಿ?

ಉತ್ತರ: ಮೊದಲು ಗಣಿತದ ಅಸೈನ್‌ಮೆಂಟ್ ಮುಗಿಸಿ. ಆಮೇಲೆ ವಾರದ 6 ಗಂಟೆ ಗಣಿತಕ್ಕೆ, 2 ಗಂಟೆ ಎಲೆಕ್ಟ್ರಿಕಲ್‌ಗೆ ಇಡಿ.

ಲೆಕ್ಕ ಹೀಗಿದೆ. 40ರಿಂದ ನಿಮ್ಮ ಇಂಟರ್ನಲ್ ಅಂಕ ಕಳೆಯಿರಿ. ಬಂದ ಉತ್ತರ ಮತ್ತು 24, ಇವೆರಡರಲ್ಲಿ ಯಾವುದು ದೊಡ್ಡದೋ ಅಷ್ಟು ಪರೀಕ್ಷೆಯಲ್ಲಿ ಬೇಕು. ಗಣಿತದ ಅಸೈನ್‌ಮೆಂಟ್ ಬಿಟ್ಟರೆ 31 ತೆಗೆಯಬೇಕು. ಅದರಲ್ಲಿ 7 ಬಂದರೆ ಇಂಟರ್ನಲ್ 16 ಆಗುತ್ತದೆ, ಆಗ 24 ಸಾಕು. ಎರಡು ಸಂಜೆಯ ಕೆಲಸಕ್ಕೆ ಪರೀಕ್ಷೆಯ 7 ಅಂಕದ ಭಾರ ಇಳಿಯಿತು ಅಲ್ವಾ?

ಎಲೆಕ್ಟ್ರಿಕಲ್‌ನಲ್ಲಿ ಜಾಸ್ತಿ ಜನ ಎಡವುತ್ತಾರೆ. 24 ಕೈಯಲ್ಲಿದೆ, ಇನ್ನು 16 ಬಂದರೆ ಆಯ್ತು ಅಂದುಕೊಳ್ಳುತ್ತಾರೆ. ಆದರೆ ಪರೀಕ್ಷೆಯಲ್ಲಿ 16 ಬಂದರೆ ಒಟ್ಟು 40 ಆಗಿಯೂ ಫೇಲ್. ಇಂಟರ್ನಲ್ 16 ದಾಟಿದ ಮೇಲೆ ಅಸೈನ್‌ಮೆಂಟ್ ಶೇಕಡಾವಾರು ಅಂಕ ಏರಿಸುತ್ತದೆ, ಪಾಸಿನ ಗೆರೆ ಇಳಿಸುವುದಿಲ್ಲ. ಹಾಗಾಗಿ ಅದನ್ನು ಗಣಿತದ್ದಾದ ಮೇಲೆ ಬರೆಯಿರಿ.

ಈ ಭಾನುವಾರ ಎರಡೂ ವಿಷಯದ ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟು ಬರೆದು ನೋಡಿ. ಗುರಿ 24 ಅಲ್ಲ, 30 ಇರಲಿ. ಎಲೆಕ್ಟ್ರಿಕಲ್‌ನಲ್ಲಿ 30 ಬರದಿದ್ದರೆ ಗಣಿತದ ಒಂದು ಗಂಟೆ ಅತ್ತ ಸರಿಸಿ.