ಡಯಾಜೆಪಾಮ್ ನಿಲ್ಲಿಸಿದರೂ ಮಂಪರು ಯಾಕೆ?

ಪ್ರಶ್ನೆ: 70 ವರ್ಷದ ಅಮ್ಮ ಎರಡು ವಾರ ದಿನಾ ಡಯಾಜೆಪಾಮ್ ತಗೊಂಡಿದ್ದರು. ಡಾಕ್ಟರ್ ನಿಲ್ಲಿಸಿ ಮೂರು ದಿನ ಆಯ್ತು, ಮಂಪರು ಇನ್ನೂ ಹೋಗಿಲ್ಲ. ಯಾಕೆ?

ಔಷಧಿ ಇನ್ನೂ ಮೈಯಲ್ಲೇ ಇದೆ, ಅದಕ್ಕೇ. ಲಿವರ್ ಡಯಾಜೆಪಾಮನ್ನು ಒಡೆದಾಗ ನಾರ್ಡಯಾಜೆಪಾಮ್ ಎಂಬ ವಸ್ತು ಹುಟ್ಟುತ್ತದೆ. ಅದು ಸುಮ್ನೆ ಹೊರಹೋಗುವ ಕಸವಲ್ಲ, ಅದೂ ಮಂಪರು ತರಿಸುತ್ತದೆ. ಡಯಾಜೆಪಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಒಂದೆರಡು ದಿನ. ನಾರ್ಡಯಾಜೆಪಾಮ್ ಅರ್ಧಕ್ಕೆ ಇಳಿಯಲು ನಾಲ್ಕು ದಿನವೂ ಹಿಡಿಯಬಹುದು. ಅಂದರೆ 100 ಪಾಲು ಇದ್ದದ್ದು ನಾಲ್ಕನೇ ದಿನ 50, ಎಂಟನೇ ದಿನ 25. ಅದೂ ದಿನಾ ತಗೊಂಡಾಗ ನಿನ್ನೆಯದು ಖಾಲಿಯಾಗುವ ಮೊದಲೇ ಇವತ್ತಿನದು ಸೇರಿ ಜಮೆಯಾಗಿರುತ್ತದೆ ಅಲ್ವಾ? ವಯಸ್ಸಾದವರಲ್ಲಿ ಇನ್ನೂ ನಿಧಾನ. ಅಮ್ಮ ರಾತ್ರಿ ಬಾತ್‌ರೂಮಿಗೆ ಎದ್ದಾಗ ಜೊತೆಗಿರಿ, ತೂಕಡಿಸಿ ಬೀಳುವ ಭಯ ಜಾಸ್ತಿ. ಎಬ್ಬಿಸಿದರೂ ಏಳದಿದ್ದರೆ ಅಥವಾ ಉಸಿರಾಟ ನಿಧಾನವಾದರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.