ಗಳಿಕೆ ರಜೆ ಅರ್ಜಿ: ‘ಮೂಲಕ’ ಯಾರು?

“ನಾನು ತಾಲೂಕು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ಗಳಿಕೆ ರಜೆ ಅರ್ಜಿಯನ್ನು ನೇರವಾಗಿ ತಹಶೀಲ್ದಾರರಿಗೆ ಕೊಡಬಹುದಾ?”

ನೇರವಾಗಿ ಬೇಡ. ‘ಇವರಿಗೆ’ ಅಂತ ತಹಶೀಲ್ದಾರರ ಹುದ್ದೆ ಬರೆಯಿರಿ, ಅದರ ಕೆಳಗೆ ‘ಮೂಲಕ’ ಅಂತ ನಿಮ್ಮ ಶಾಖೆಯ ಶಿರಸ್ತೇದಾರರ ಹುದ್ದೆ. ಅವರು ಶಿಫಾರಸು ಬರೆದು ಸಹಿ ಮಾಡಿ ಕಳಿಸಿದರೆ, ನಿಮ್ಮ ಕೆಲಸ ಯಾರು ನೋಡಿಕೊಳ್ಳುತ್ತಾರೆ ಅನ್ನೋದೂ ಅಲ್ಲೇ ತೀರ್ಮಾನವಾಗುತ್ತದೆ. ಇಲ್ಲದಿದ್ದರೆ ಅರ್ಜಿ ಸುಮ್ನೆ ವಾಪಸ್ ಬರುತ್ತದೆ, ನನಗೂ ಹಾಗೇ ಆಗಿ ನಾಲ್ಕು ದಿನ ಹೋಯಿತು.

ದಿನಾಂಕ ಬರೆಯುವಾಗ ಜಾಸ್ತಿ ಗಮನ ಕೊಡಿ. ಸೋಮವಾರದಿಂದ ಶುಕ್ರವಾರದವರೆಗೆ ರಜೆ ಬೇಕು, ಮುಂದೆ ಎರಡನೇ ಶನಿವಾರ, ಭಾನುವಾರ ಇದೆ ಅಂದುಕೊಳ್ಳಿ. ‘5 ದಿನ ಗಳಿಕೆ ರಜೆ, ನಂತರದ ಎರಡು ಸಾರ್ವತ್ರಿಕ ರಜೆಗಳನ್ನು ಬಳಸಿಕೊಳ್ಳಲು ಅನುಮತಿ’ ಅಂತ ಬರೆಯಿರಿ. ಸೋಮವಾರದಿಂದ ಭಾನುವಾರ ಅಂತ ಕೇಳಿದರೆ ಲೆಕ್ಕದಿಂದ 7 ದಿನ ಹೋಗುತ್ತದೆ. ಊರಿಗೆ ಹೋಗುವುದಾದರೆ ಕೇಂದ್ರಸ್ಥಾನ ಬಿಡಲು ಅನುಮತಿ, ರಜೆಯಲ್ಲಿನ ವಿಳಾಸ ಎರಡೂ ಸೇರಿಸಿ.