ದಿನಾ 140 ಕಿ.ಮೀ. ಓಡಾಟಕ್ಕೆ ಕಾರು: ಒಳಗಿನ ಸದ್ದು, ಸೀಟು ನೋಡಿ ತೆಗೆದುಕೊಳ್ಳುವುದು ಹೇಗೆ

ಪ್ರಶ್ನೆ: ಕುಮಟಾದಿಂದ ಕಾರವಾರಕ್ಕೆ ದಿನಾ ಹೋಗಿ ಬರುವ ನೌಕರಿ. ಎರಡು ಕಾರು ನೋಡಿಟ್ಟಿದ್ದೇನೆ. ಹತ್ತು ನಿಮಿಷದ ಟೆಸ್ಟ್ ಡ್ರೈವ್‌ನಲ್ಲಿ ಎರಡೂ ಚೆನ್ನಾಗೇ ಅನಿಸಿದವು. ಒಳಗೆ ಸದ್ದು ಎಷ್ಟು ಬರ್ತದೆ, ಸೀಟು ಬೆನ್ನಿಗೆ ಆಗ್ತದೋ ಇಲ್ಲವೋ ಅಂತ ಕೊಳ್ಳುವ ಮೊದಲೇ ತಿಳಿಯುವುದು ಹೇಗೆ? ಸದ್ದು ಜಾಸ್ತಿ ಅನಿಸಿದರೆ ಆಮೇಲೆ ಸದ್ದು ತಡೆಯುವ ಡ್ಯಾಂಪಿಂಗ್ ಶೀಟು ಹಾಕಿಸಿದರೆ ಸಾಕಾ?

ಉತ್ತರ:

ಹತ್ತು ನಿಮಿಷದಲ್ಲಿ ಎಲ್ಲ ಕಾರೂ ಚೆನ್ನಾಗೇ ಇರುತ್ತದೆ. ಊರೊಳಗೆ 40ರ ವೇಗದಲ್ಲಿ ಕಿವಿಗೆ ಬೀಳುವುದು ಮುಖ್ಯವಾಗಿ ಎಂಜಿನ್ ಸದ್ದು, ಈಗಿನ ಪೆಟ್ರೋಲ್ ಎಂಜಿನ್‌ಗಳು ಅಲ್ಲಿ ಸುಮ್ಮನೇ ಇರುತ್ತವೆ. ನಿಮ್ಮನ್ನು ದಿನಾ ದಣಿಸುವುದು ಹೆದ್ದಾರಿಯಲ್ಲಿ 80ರಲ್ಲಿ ಟಯರ್ ಮತ್ತು ರಸ್ತೆ ಸೇರಿ ಹುಟ್ಟಿಸುವ ಒಂದೇ ಸಮನೆಯ ಸದ್ದು. ಸೀಟಿನದ್ದೂ ಇದೇ ಕತೆ: ಮೆತ್ತಗಿನ ಫೋಮ್ ಕೂತ ತಕ್ಷಣ ಹಿತವಾಗಿರುತ್ತದೆ, ಅದು ಕುಗ್ಗಿ ಅಡಿಯ ತಗಡು ತಾಗುವುದು ಅರ್ಧ ಗಂಟೆಯ ಮೇಲೆ. ಹಾಗಾಗಿ ಎರಡೂ ಕಾರನ್ನು ಒಂದೊಂದು ಗಂಟೆ, NH 66ರಲ್ಲೇ ಓಡಿಸಿ ನೋಡಿ. ಪೆಟ್ರೋಲ್ ನಾನೇ ಹಾಕಿಸುತ್ತೇನೆ ಎಂದರೆ ಶೋರೂಮಿನವರು ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

ಹೊರಡುವ ಮೊದಲು ಟಯರಿನ ಗಾಳಿ ನೋಡಿಸಿ. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲಿನ ಚೀಟಿಯಲ್ಲಿದೆ, ಹೆಚ್ಚಿನ ಸಣ್ಣ ಕಾರುಗಳಿಗೆ 30ರಿಂದ 36 ಪಿಎಸ್ಐ ಒಳಗೆ. ಯಾರ್ಡಿನಲ್ಲಿ ನಿಂತ ಕಾರಿಗೆ 40ರ ಮೇಲೆ ಹೊಡೆದಿಟ್ಟಿರುವುದು ಉಂಟು. ಅಷ್ಟು ಗಾಳಿಯಿದ್ದರೆ ಟಯರ್ ಕಲ್ಲಿನಂತಾಗಿ ಸದ್ದೂ ಕುಲುಕಾಟವೂ ಒಳಗೆ ಬರುತ್ತವೆ, ನೀವು ಕಾರನ್ನು ಬಯ್ಯುತ್ತೀರಿ. ಟಯರ್ ತಣ್ಣಗಿರುವಾಗ ಚೀಟಿಯಲ್ಲಿದ್ದಷ್ಟಕ್ಕೆ ಇಳಿಸಿ. ಜೊತೆಗೆ ಟಯರಿನ ಕಂಪನಿ, ಸೈಜು ಬರೆದುಕೊಳ್ಳಿ. ಟೆಸ್ಟ್ ಡ್ರೈವ್‌ಗೆ ಸಾಮಾನ್ಯವಾಗಿ ಮೇಲಿನ ವೇರಿಯಂಟ್ ಕೊಡುತ್ತಾರೆ, ಅದರಲ್ಲಿ ದೊಡ್ಡ ಅಲಾಯ್, ತೆಳ್ಳಗಿನ ಟಯರ್ ಇರುತ್ತದೆ. ನೀವು ಕೊಳ್ಳುವುದು ನಡುವಿನ ವೇರಿಯಂಟ್ ಆದರೆ ಟಯರೇ ಬೇರೆ, ಸದ್ದೂ ಬೇರೆ.

ಸದ್ದು ಅಳೆಯಲು ಫೋನ್ ಸಾಕು. ಐಫೋನ್ ಇದ್ದರೆ NIOSH SLM ಎಂಬ ಉಚಿತ ಆ್ಯಪ್ ಇದೆ. ಆಂಡ್ರಾಯ್ಡ್‌ನಲ್ಲಿ ಯಾವುದಾದರೂ ಸೌಂಡ್ ಮೀಟರ್ ಹಾಕಿಕೊಳ್ಳಿ. ಅದರ ಅಂಕಿ ನಿಜಕ್ಕಿಂತ ನಾಲ್ಕೈದು ಡೆಸಿಬೆಲ್ ಆಚೀಚೆ ಇದ್ದರೂ ಚಿಂತೆಯಿಲ್ಲ, ಎರಡು ಕಾರಿಗೂ ಅದೇ ಫೋನು, ಅದೇ ಆ್ಯಪು ಇದ್ದರೆ ವ್ಯತ್ಯಾಸ ಸರಿಯಾಗಿಯೇ ಸಿಗುತ್ತದೆ. ಕ್ಷಣಕ್ಷಣಕ್ಕೆ ಕುಣಿಯುವ ಅಂಕಿ ಬೇಡ, ಸರಾಸರಿ ನೋಡಿ. ಆ್ಯಪಿನಲ್ಲಿ ಅದು LAeq ಅಥವಾ Avg ಎಂದಿರುತ್ತದೆ. ಫೋನ್ ಹಿಡಿಯುವುದು ಪಕ್ಕದಲ್ಲಿ ಕೂತವರ ಕೆಲಸ: ತಲೆಯ ಎತ್ತರಕ್ಕೆ, ಗಾಜಿನಿಂದ ದೂರ, ಮೈಕಿಗೆ ಬೆರಳು ಅಡ್ಡ ಬಾರದಂತೆ. ಕಿಟಕಿ ಪೂರ್ತಿ ಏರಿಸಿ, ಎಸಿ ಫ್ಯಾನ್ ನಿಲ್ಲಿಸಿ, ಮಾತು ನಿಲ್ಲಿಸಿ, 80ರಲ್ಲಿ ಒಂದು ನಿಮಿಷ. ಜಾಗ ನೀವೇ ಆರಿಸಿ, ಉದಾಹರಣೆಗೆ ಕುಮಟಾ ಅಂಕೋಲಾ ನಡುವೆ ಸಮತಟ್ಟಾದ ಒಂದು ಕಿಲೋಮೀಟರ್. ಎರಡೂ ಕಾರಿಗೆ ಅದೇ ತುಂಡು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆಯಿರಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಬೀಸುತ್ತದೆ, ಒಂದೇ ದಿಕ್ಕಿನ ಅಂಕಿ ನಂಬಿದರೆ ಮೋಸ.

ಮೊದಲ ಕಾರಿಗೆ 67 ಮತ್ತು 68 ಬಂತು, ಎರಡನೆಯದಕ್ಕೆ 70 ಮತ್ತು 72 ಬಂತು ಎಂದಿಟ್ಟುಕೊಳ್ಳಿ. ಸರಾಸರಿ ತೆಗೆದರೆ ಮೂರೂವರೆ ಡೆಸಿಬೆಲ್ ಅಂತರ. ಕೇಳಲು ಸಣ್ಣದು, ಆದರೆ 3 ಡೆಸಿಬೆಲ್ ಎಂದರೆ ಸದ್ದಿನ ಶಕ್ತಿ ಇಮ್ಮಡಿ, ಕಿವಿಗೂ ಅದು ಗೊತ್ತಾಗುತ್ತದೆ. 10 ಆದರೆ ಕಿವಿಗೆ ಎರಡು ಪಟ್ಟು ಜೋರು ಅನಿಸುತ್ತದೆ. ಒಂದೂವರೆ ಡೆಸಿಬೆಲ್ ಒಳಗಿನ ಅಂತರವಿದ್ದರೆ ಎರಡೂ ಒಂದೇ ಎಂದು ಬಿಟ್ಟುಬಿಡಿ. ಇಲ್ಲೊಂದು ಎಚ್ಚರಿಕೆ: ಆ್ಯಪ್ ತೋರಿಸುವ dBA ಅಳತೆ ಕೆಳಸ್ವರದ ಗುಂಯ್‌ಗುಡುವಿಕೆಯನ್ನು ಬಹಳ ಕಡಿಮೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಂಕಿ ಕಡಿಮೆ ಬಂದೂ ಕಿವಿ ಗಡಚಿಕ್ಕಿದಂತೆ, ತಲೆ ಭಾರವಾದಂತೆ ಅನಿಸಿದರೆ ನಿಮ್ಮ ಕಿವಿಯನ್ನೇ ನಂಬಿ.

ಇನ್ನು ಸದ್ದು ಎಲ್ಲಿಂದ ಬರುತ್ತಿದೆ ಎಂದು ಬೇರ್ಪಡಿಸಬೇಕು, ಯಾಕೆಂದರೆ ಮದ್ದು ಅದರ ಮೇಲೆಯೇ ನಿಂತಿದೆ. ಹಿಂದೆ ಮುಂದೆ ವಾಹನವಿಲ್ಲದ ಸಮ ರಸ್ತೆಯಲ್ಲಿ, ಮ್ಯಾನ್ಯುವಲ್ ಗಾಡಿಯಾದರೆ, 80ರಲ್ಲಿ ಎರಡು ಮೂರು ಸೆಕೆಂಡ್ ಕ್ಲಚ್ ಒತ್ತಿ ಆಕ್ಸಿಲರೇಟರ್ ಬಿಡಿ. ಇಳಿಜಾರಿನಲ್ಲಿ, ಘಟ್ಟದಲ್ಲಿ ಇದನ್ನು ಮಾಡಬಾರದು. ಸದ್ದು ತಟ್ಟನೆ ಇಳಿದರೆ ಅಷ್ಟು ಎಂಜಿನ್‌ನದು. ಇಳಿಯದೇ ಉಳಿದದ್ದು ಟಯರ್ ಮತ್ತು ಗಾಳಿ. ಹೊಸ ನುಣುಪು ಡಾಂಬರಿನಿಂದ ಜಲ್ಲಿ ಎದ್ದ ಹಳೆ ಡಾಂಬರಿಗೆ ಬಂದಾಗ ಸದ್ದಿನ ಬಣ್ಣವೇ ಬದಲಾದರೆ ಅದು ಟಯರ್. ರಸ್ತೆ ಬದಲಾದರೂ ಹಾಗೇ ಇದ್ದು, ವೇಗ ಏರಿದಂತೆ ಕನ್ನಡಿಯ ಬದಿಯಿಂದ ಸುಯ್ ಎಂದು ಹೆಚ್ಚಾದರೆ ಗಾಳಿ. 80ರಲ್ಲಿ ಗಾಳಿ ಜೋರಾಗಿ ಕೇಳಿದರೆ ಬಾಗಿಲಿನ ರಬ್ಬರಿನ ಮೇಲೆ ಅನುಮಾನಪಡಿ.

ಅನುಮಾನ ತೀರಿಸಲು ಕಾರು ನಿಲ್ಲಿಸಿ ಹತ್ತು ರೂಪಾಯಿಯ ನೋಟನ್ನು ಬಾಗಿಲಿಗೆ ಅಡ್ಡ ಹಿಡಿದು ಹಾಕಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಜಾರಿ ಬರಬೇಕು. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಕೂರುತ್ತಿಲ್ಲ. ಬಾಗಿಲ ಮೇಲಿನ ಹಿಂದಿನ ಮೂಲೆ, ಕನ್ನಡಿಯ ಹತ್ತಿರದ ಮೂಲೆ, ಈ ಎರಡು ಕಡೆ ತಪ್ಪದೆ ನೋಡಿ. ಆಮೇಲೆ ಬಗ್ಗಿ ಹಿಂದಿನ ಚಕ್ರದ ಮೇಲ್ಭಾಗಕ್ಕೆ ಕೈ ಹಾಕಿ: ಕಂಬಳಿಯಂತೆ ತರಿತರಿಯಾದ ಫೆಲ್ಟ್ ಹೊದಿಕೆಯಿದ್ದರೆ ಒಳ್ಳೆಯದು, ಬರೀ ಪ್ಲಾಸ್ಟಿಕ್ ಇದ್ದರೆ ಸಾಧಾರಣ, ಬರಿಯ ತಗಡೇ ಸಿಕ್ಕಿದರೆ ಕಲ್ಲುಚೂರು, ನೀರು ಎಲ್ಲದರ ಸದ್ದೂ ನೇರ ಒಳಗೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಕ್ರ ಎರಚುವ ನೀರು ಬಡಿಯುವುದೇ ಇಲ್ಲಿ. ಮಳೆಗಾಲದಲ್ಲೇ ಕೊಳ್ಳುವುದಾದರೆ ಜೋರು ಮಳೆ ಹಿಡಿದಾಗಲೇ ಹೊರಡಿ. ಬೇಸಿಗೆಯಾದರೆ ಸರ್ವಿಸ್ ಸೆಂಟರ್‌ನ ವಾಷಿಂಗ್ ಜಾಗದಲ್ಲಿ ಒಳಗೆ ಕೂತು ಮಾಡಿನ ಮೇಲೆ ನೀರು ಬಿಡಿಸಿ. ಡಬಡಬ ಎಂದರೆ ಮಾಡಿನ ಲೈನಿಂಗ್ ತೆಳ್ಳಗಿದೆ.

ಡ್ಯಾಂಪಿಂಗ್ ವಿಷಯ. 2 ಮಿ.ಮೀ. ಬ್ಯೂಟೈಲ್ ಶೀಟು ತಗಡು ನಡುಗುವುದನ್ನು ತಡೆಯುತ್ತದೆ. ಬಾಗಿಲು ಹಾಕಿದಾಗ ಡಬ್ಬದ ಸದ್ದು ಹೋಗಿ ದಪ್ಪ ಸದ್ದು ಬರುತ್ತದೆ, ಸ್ಪೀಕರ್ ಸದ್ದೂ ಚೆನ್ನಾಗುತ್ತದೆ. ಆದರೆ ನಿಮ್ಮ ಮೂರೂವರೆ ಡೆಸಿಬೆಲ್ ಟಯರಿನಿಂದ ಬಂದದ್ದಾದರೆ ನಾಲ್ಕು ಬಾಗಿಲಿಗೆ ಶೀಟು ಅಂಟಿಸಿ ಅದು ಹೋಗುವುದಿಲ್ಲ, ಅದು ಬರುವುದು ಸಸ್ಪೆನ್ಷನ್ ಮೂಲಕ, ನೆಲ ಮತ್ತು ಚಕ್ರದ ಗೂಡಿನ ಮೂಲಕ. ಕರಾವಳಿಯಲ್ಲಿ ಇನ್ನೊಂದು ಅಪಾಯ. ಮಳೆನೀರು ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಕೆಳ ಅಂಚಿನ ಸಣ್ಣ ತೂತುಗಳಿಂದ ಹೊರಹೋಗಬೇಕು. ಅಂಟಿಸುವವರು ಆ ತೂತು ಮುಚ್ಚಿದರೆ, ಅಥವಾ ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದು ಹಾಗೇ ಬಿಟ್ಟರೆ, ನೀರು ಕಾರ್ಪೆಟ್ಟಿಗೆ ಇಳಿಯುತ್ತದೆ, ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮುಗ್ಗಲು ವಾಸನೆ ಬಂದಮೇಲೇ ನಿಮಗೆ ತಿಳಿಯುವುದು. ಶೀಟಿನ ಮೇಲೆ ನಂಬಿಕೆಯಿಟ್ಟು ಗದ್ದಲದ ಕಾರು ಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ.

ಸೀಟಿಗೆ ಬರೋಣ. ಹಿಂದಿನ ಜೇಬಿನ ಪರ್ಸ್ ತೆಗೆದು ಕೂರಿ. ಮೊದಲು ಕಾಲು: ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು, ಸೊಂಟ ಮೊಣಕಾಲಿನ ಮಟ್ಟಕ್ಕೆ ಅಥವಾ ಒಂದಿಷ್ಟು ಮೇಲೆ. ಆಮೇಲೆ ಬೆನ್ನು: ಭುಜ ಸೀಟಿಗೆ ತಾಗಿದ್ದಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ತುದಿಗೆ ಸಿಗಬೇಕು. ಸ್ಟೀರಿಂಗ್ ಮುಂದೆ ಹಿಂದೆ ಸರಿಯದೆ ಬರೀ ಮೇಲೆ ಕೆಳಗೆ ಆಗುವ ಕಾರುಗಳಲ್ಲಿ ಉದ್ದ ಕಾಲಿನವರಿಗೆ ಇವೆರಡೂ ಒಟ್ಟಿಗೆ ಸಿಗುವುದಿಲ್ಲ. ಕಾಲು ಸರಿಯಾದರೆ ಕೈ ದೂರ. ಆ ಕಾರು ಅಲ್ಲಿಗೇ ಬಿಡಿ. ಸೀಟಿನ ಮುಂದಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಜಾಗವಿರಬೇಕು. ಎಡಗಾಲು ಇಡಲು ಡೆಡ್ ಪೆಡಲ್ ಇದೆಯಾ, ಸ್ಟೀರಿಂಗೂ ಪೆಡಲೂ ಸೀಟಿಗೆ ನೇರ ಇವೆಯಾ ನೋಡಿ. ಪೆಡಲ್ ಓರೆಯಾಗಿದ್ದರೆ ಸೊಂಟ ದಿನಕ್ಕೆ ಮೂರು ಗಂಟೆ ತಿರುಚಿಕೊಂಡೇ ಇರುತ್ತದೆ.

ಹೀಗೆ ಹೊಂದಿಸಿ ಹೊರಟ ಮೇಲೆ 40 ನಿಮಿಷ ಸೀಟು ಮುಟ್ಟಬೇಡಿ. ಮೊದಲು ಎಲ್ಲಿ ಸರಿದು ಕೂರಬೇಕು ಅನಿಸುತ್ತದೆ ಎಂಬುದನ್ನು ಗಮನಿಸಿ. ಕುಂಡೆಯ ಎರಡು ಮೂಳೆ ನೋಯತೊಡಗಿದರೆ ಫೋಮ್ ತೆಳು ಅಥವಾ ತೀರಾ ಮೆದು, ಅದಕ್ಕೆ ಹೊಂದಾಣಿಕೆಯಿಲ್ಲ. ತೊಡೆಯ ಕೆಳಗೆ ಜೋಮು ಹಿಡಿದರೆ ಮುಂದಿನ ಅಂಚು ಎತ್ತರ, ಎತ್ತರ ಬದಲಿಸುವ ಹಿಡಿಕೆಯಿದ್ದರೆ ಒಮ್ಮೆ ಇಳಿಸಿ ನೋಡಿ. ನಡು ಹಿಡಿದರೆ ಬೆನ್ನಿಗೂ ಸೀಟಿಗೂ ನಡುವೆ ಕೈ ತೂರಿಸಿ, ಅಂಗೈ ಸಲೀಸಾಗಿ ಹೋದರೆ ಅಲ್ಲಿ ಆಧಾರವಿಲ್ಲ. ಇದೊಂದು ಮಾತ್ರ ಸಣ್ಣ ದಿಂಬಿನಿಂದ ಸರಿಹೋಗುವ ದೋಷ. ಕುತ್ತಿಗೆ ನೋವಾದರೆ ಹೆಡ್‌ರೆಸ್ಟ್ ತಲೆಯನ್ನು ಮುಂದಕ್ಕೆ ದೂಡುತ್ತಿದೆ. ಅದನ್ನು ತಿರುಗಿಸಿ ಹಾಕುವ ಉಪಾಯ ಮಾಡಬೇಡಿ, ಹಿಂದಿನಿಂದ ಗುದ್ದಿದಾಗ ಕುತ್ತಿಗೆ ಕಾಯುವುದೇ ಅದು.

ಗಂಗಾವಳಿ, ಅಘನಾಶಿನಿ ಸೇತುವೆಗಳ ಜೋಡಣೆ ದಾಟುವಾಗ ಗಮನವಿಡಿ. ಒಂದು ಸಲ ದಡ್ ಎಂದು ಮುಗಿದರೆ ಸರಿ. ದಾಟಿದ ಮೇಲೂ ಎರಡು ಮೂರು ಸಲ ತೂಗಿದರೆ ಸಸ್ಪೆನ್ಷನ್ ಮತ್ತು ಸೀಟು ಸೇರಿ ತೂಗುತ್ತಿವೆ. ಸೆಕೆಂಡಿಗೆ 4ರಿಂದ 8 ಸಲದ ಕುಲುಕಾಟವನ್ನು ಬೆನ್ನೆಲುಬು ಎಲ್ಲಕ್ಕಿಂತ ಕಡಿಮೆ ಸಹಿಸುತ್ತದೆ, ಮೆದು ಸೀಟು ಅದನ್ನು ಹೆಚ್ಚಿಸುವುದೂ ಉಂಟು.

ಬುಕ್ ಮಾಡುವಾಗ ಸೀಟ್ ಕವರನ್ನು ಉಚಿತ ಅಂತ ಹಾಕಿಕೊಡಲು ಬರುತ್ತಾರೆ. ರೆಕ್ಸಿನ್ ಕವರ್ ನಮ್ಮ ಸೆಕೆಗೆ ಬೆನ್ನು ಒದ್ದೆ ಮಾಡುತ್ತದೆ, ಪರೀಕ್ಷಿಸಿದ ಸೀಟಿನ ಆಕಾರವನ್ನೂ ಬದಲಿಸುತ್ತದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರಂತೂ ಅದು ತೆರೆಯಲು ಅಡ್ಡಿ. ಬೇಡ ಅನ್ನಿ. ಕಾರು ಕೈಗೆ ಬರುವ ದಿನ ಸಹಿ ಹಾಕುವ ಮೊದಲು ಬರೆದಿಟ್ಟ ಚೀಟಿ ತೆಗೆದು ಟಯರಿನ ಕಂಪನಿ, ಸೈಜು ತಾಳೆ ನೋಡಿ, ಗಾಳಿಯನ್ನು ಅಲ್ಲೇ ಇಳಿಸಿಸಿಕೊಂಡು ಹೊರಡಿ.